ರಾಜರ ಓಲಗದ ಕತೆ ಬರೆಯೋದು: ಇತಿಹಾಸದ ಪಾಠ ಆಗದ ಹಾಗೆ, ಕಾಲ ತಪ್ಪದ ಹಾಗೆ

ಮೊದಲು ನಾನೇ ಕೆಲವು ವರ್ಷದ ಹಿಂದೆ ಬರೆದ ಒಂದು ಪ್ಯಾರಾ ಓದಿ. ನಾಚಿಕೆ ಆಗತ್ತೆ, ಆದ್ರೂ ಪರವಾಗಿಲ್ಲ, ಪಾಠಕ್ಕೆ ಇದಕ್ಕಿಂತ ಒಳ್ಳೇ ಸ್ಯಾಂಪಲ್ ಸಿಗಲ್ಲ.

"ವಾತಾಪಿಯ ಭವ್ಯ ಅರಮನೆಯ ದರ್ಬಾರಿನಲ್ಲಿ, ಇಮ್ಮಡಿ ಪುಲಕೇಶಿಯ ಮೊಮ್ಮಗನೂ ಒಂದನೇ ವಿಕ್ರಮಾದಿತ್ಯನ ಮಗನೂ ಆದ ವಿನಯಾದಿತ್ಯ ಅಮೃತಶಿಲೆಯ ಸಿಂಹಾಸನದಲ್ಲಿ ಕುಳಿತಿದ್ದ. ಮಂತ್ರಿ ಕೈಮುಗಿದು ಹೇಳಿದ: 'ಮಹಾಪ್ರಭು, ತಮಗೆ ತಿಳಿದಿರುವಂತೆ ತಮ್ಮ ಅಜ್ಜನವರು ಉತ್ತರದ ಹರ್ಷವರ್ಧನನನ್ನು ಸೋಲಿಸಿದರು. ಆದರೆ ಪಲ್ಲವ ನರಸಿಂಹವರ್ಮ ನಮ್ಮ ವಾತಾಪಿಯನ್ನು ಗೆದ್ದುಕೊಂಡ. ಆಮೇಲೆ ತಮ್ಮ ತಂದೆಯವರು ರಾಜ್ಯವನ್ನು ಮರಳಿ ಕಟ್ಟಿದರು.' ರಾಜ ತಲೆಯಾಡಿಸಿ ಫರ್ಮಾನಿಗೆ ಸಹಿ ಹಾಕಿದ. ಹೊರಗೆ ರೈತರು ಖುಷಿಯಿಂದ ಜೈಕಾರ ಹಾಕಿದರು."

ಇದರಲ್ಲಿರೋ ಇತಿಹಾಸ ಎಲ್ಲಾ ಸರಿಯೇ ಇದೆ, ವಂಶಾವಳಿ ಸರಿ, ಯುದ್ಧ ಸರಿ, ಯಾರ ಮಗ ಯಾರು ಅನ್ನೋದೂ ಸರಿ. ಆದ್ರೂ ಒಂದು ಸಾಲು ಕೂಡ ಆ ಕಾಲದ್ದಲ್ಲ. ರಾಜನಿಗೆ ಅವನ ಅಪ್ಪ ಯಾರು ಅಂತ ಮಂತ್ರಿ ಯಾಕೆ ಹೇಳ್ತಿದಾನೆ? ಓದುಗರಿಗೋಸ್ಕರ. ಅದು ಓದುಗರಿಗೆ ತಕ್ಷಣ ಗೊತ್ತಾಗತ್ತೆ, ಗೊತ್ತಾದ ಕೂಡಲೇ ಅವರು ಅರಮನೆಯಿಂದ ಎದ್ದು ಕ್ಲಾಸ್‌ರೂಮಿಗೆ ಬಂದು ಕೂತುಬಿಡ್ತಾರೆ.

ಈ ಪ್ಯಾರಾನ ಬಿಚ್ಚಿ ಮತ್ತೆ ಕಟ್ಟೋದು ಹೇಗೆ ಅಂತ ಇಲ್ಲಿ ಬರೀತಿದೀನಿ. ಉದಾಹರಣೆಗೆ ಒಂದೇ ಆಸ್ಥಾನ ಇಟ್ಕೊಂಡಿದೀನಿ, ವಾತಾಪಿಯ, ಅಂದ್ರೆ ಇವತ್ತಿನ ಬಾದಾಮಿಯ, ಚಾಲುಕ್ಯ ರಾಜ ವಿನಯಾದಿತ್ಯನದ್ದು (681 ರಿಂದ 696). ನೀವು ಮೌರ್ಯರ ಕತೆ ಬರೀರಿ, ಬೇರೆ ಯಾವ ದೇಶದ ರಾಜನ ಕತೆನಾದ್ರೂ ಬರೀರಿ, ಕೆಲಸದ ದಾರಿ ಇದೇ.

ಮೊದಲ ಹೆಜ್ಜೆ: ರಾಜನ್ನ ಬಿಟ್ಟು ಒಂದು ಕೆಲಸ ಹುಡುಕಿ

ಆಸ್ಥಾನದ ಕತೆ ಅಂದ್ಕೂಡ್ಲೇ ಎಲ್ಲರೂ ಕ್ಯಾಮೆರಾನ ಸಿಂಹಾಸನದ ಮುಂದೆ ಇಡ್ತೀವಿ. ಅಲ್ಲೇ ಎಡವಟ್ಟಾಗೋದು, ಯಾಕಂದ್ರೆ ರಾಜನಿಗೆ ಎಲ್ಲಾ ಗೊತ್ತಿರತ್ತೆ, ಅವನ ಸುತ್ತ ಇರೋರಿಗೂ ಎಲ್ಲಾ ಗೊತ್ತಿರತ್ತೆ, ಹಾಗಾಗಿ ಓದುಗನಿಗೆ ಏನಾದ್ರೂ ತಿಳಿಸಬೇಕು ಅಂದ್ರೆ ಯಾರಾದ್ರೂ ಭಾಷಣ ಮಾಡಲೇಬೇಕು. ಅದರ ಬದಲು ಆ ಆಸ್ಥಾನದಲ್ಲಿ ದಿನಾ ನಡೀತಿದ್ದ ಯಾವುದಾದ್ರೂ ಒಂದು ಕೆಲಸ ಹಿಡೀರಿ, ಕೈಯಿಂದ ಮಾಡೋ ಕೆಲಸ, ತಪ್ಪಾದ್ರೆ ಯಾರಿಗಾದ್ರೂ ಏಟು ಬೀಳೋ ಕೆಲಸ.

ನಾನು ಹಿಡಿದಿದ್ದು ತಾಮ್ರಪಟ ಕೊರೆಯೋದು. ರಾಜ ಒಂದು ಊರನ್ನೋ ಹೊಲವನ್ನೋ ದಾನ ಕೊಟ್ಟರೆ ಅದನ್ನ ತಾಮ್ರದ ತಗಡಿನ ಮೇಲೆ ಬರೆಸಿ ಕೊಡ್ತಿದ್ರು. ಸಾಮಾನ್ಯವಾಗಿ ಮೂರು ಪಟ. ಮೊದಲನೇದರ ಹೊರಮೈ, ಕೊನೇದರ ಹೊರಮೈ ಖಾಲಿ ಬಿಡೋರು, ಒಳಗಿನ ನಾಲ್ಕು ಮೈಯಲ್ಲಿ ಬರಹ. ಅಂಚು ಸ್ವಲ್ಪ ಎತ್ತರಿಸಿರ್ತಾರೆ, ಪಟಕ್ಕೆ ಪಟ ಉಜ್ಜಿ ಅಕ್ಷರ ಸವೆಯಬಾರದು ಅಂತ. ಎಡಗಡೆ ತೂತು, ಅದರಲ್ಲಿ ಒಂದು ಬಳೆ, ಆ ಬಳೆಯ ಕೂಡಿಕೆ ಮೇಲೆ ಮುದ್ರೆ. ಚಾಲುಕ್ಯರದ್ದಾದ್ರೆ ವರಾಹ. ಅಂದ್ರೆ ಸಹಿ ಹಾಕೋ ಪ್ರಶ್ನೆನೇ ಇಲ್ಲ, ಮುದ್ರೆ ಒತ್ತಿದ್ರೆ ಮುಗೀತು. ನನ್ನ ಪ್ಯಾರಾದ ರಾಜ ಸಹಿ ಹಾಕಿದ್ನಲ್ಲ, ಆ ತಪ್ಪು ಸರಿಹೋಗಿದ್ದು ಇಲ್ಲಿ, ಇತಿಹಾಸದ ಪುಸ್ತಕ ಓದಿ ಅಲ್ಲ, ಕೆಲಸ ಹೇಗೆ ನಡೀತಿತ್ತು ಅಂತ ನೋಡಿ.

ಇನ್ನೊಂದು ಲಾಭ ನಾನು ನಿರೀಕ್ಷೆ ಮಾಡಿರ್ಲಿಲ್ಲ. ಈ ಪಟಗಳಲ್ಲಿ ದಾನ ಎಲ್ಲಿಂದ ಕೊಟ್ಟಿದ್ದು ಅಂತನೂ ಬರೆದಿರ್ತಾರೆ, ಆ ವಂಶದ ಎಷ್ಟೋ ಪಟಗಳು ಹೊರಟಿರೋದು ರಾಜಧಾನಿಯಿಂದ ಅಲ್ಲ, ವಿಜಯಸ್ಕಂಧಾವಾರದಿಂದ, ಅಂದ್ರೆ ದಂಡು ಬಿಟ್ಟ ಬೀಡಿನಿಂದ. 757ರ ವಕ್ಕಲೇರಿ ಪಟಗಳು ಭೀಮಾ ನದಿಯ ಉತ್ತರ ದಡದಲ್ಲಿದ್ದ ಬೀಡಿನಿಂದ ಹೊರಟವು. ಅಂದ್ರೆ ಆಸ್ಥಾನ ಅನ್ನೋದು ಒಂದು ಕಟ್ಟಡ ಅಲ್ಲ, ರಾಜ ಎಲ್ಲಿರ್ತಾನೋ ಅಲ್ಲಿ ಆಸ್ಥಾನ. ಆನೆ, ಅಡಿಗೆಯವರು, ಲಿಪಿಕಾರರು, ಭಂಡಾರ ಎಲ್ಲಾ ಜೊತೆಗೇ ನಡೀತಿತ್ತು. ನನ್ನ ಅಮೃತಶಿಲೆಯ ಅರಮನೆ ಅಲ್ಲೇ ಬಿದ್ದುಹೋಯ್ತು. ಹೇಗೂ ಬಾದಾಮಿಯಲ್ಲಿ ಸಿಗೋದು ಕೆಂಪು ಮರಳುಗಲ್ಲು, ಅದೂ ಉಳಿದಿರೋದು ಗುಹೆ, ಗುಡಿಗಳಲ್ಲಿ.

ಎರಡನೇ ಹೆಜ್ಜೆ: ಬೇಲಿ ಹಾಕ್ಕೊಳ್ಳಿ

ಒಂದು ಹಾಳೆಯಲ್ಲಿ ಕತೆ ನಡೆಯೋ ವರ್ಷ ಬರೀರಿ. ನಂದು 690ರ ಸುಮಾರು. ಈಗ ಪಾತ್ರಗಳ ವಯಸ್ಸು ಲೆಕ್ಕ ಹಾಕಿ, ಪ್ರತಿಯೊಬ್ಬರಿಗೂ ನೆನಪಿರೋ ದೊಡ್ಡ ಘಟನೆ ಯಾವುದು, ಕೇಳಿ ಮಾತ್ರ ಗೊತ್ತಿರೋದು ಯಾವುದು ಅಂತ ಎದುರಿಗೆ ಬರೀರಿ. ಪಲ್ಲವರು ವಾತಾಪಿಯನ್ನ ಹಿಡಿದಿದ್ದು 642ರಲ್ಲಿ. ನನ್ನ ಕತೆಯಲ್ಲಿ ಪಟ ಕೊರೆಯೋ ಮುದುಕ ಕಂಡರಣೆಗಾರನಿಗೆ ಐವತ್ತೈದು ಅಂದ್ಕೊಂಡ್ರೆ ಆಗ ಅವನಿಗೆ ಏಳು ವರ್ಷ. ಸುಟ್ಟ ವಾಸನೆ ನೆನಪಿರತ್ತೆ, ರಾಜಕೀಯ ನೆನಪಿರಲ್ಲ. ಅವನ ಮೊಮ್ಮಗನಿಗೆ ಅದು ಬರೀ ಅಜ್ಜನ ಕತೆ. ಹರ್ಷನ ಯುದ್ಧ ಇಬ್ಬರಿಗೂ ನೆನಪಿಲ್ಲ, ಅಂದಮೇಲೆ ಇಬ್ಬರೂ ಅದನ್ನ ಸುಮ್ಸುಮ್ನೆ ಮಾತಾಡಲ್ಲ. ಈ ಒಂದು ಹಾಳೆ ನನ್ನ ಅರ್ಧ ಪಾಠವನ್ನ ಕಿತ್ತು ಬಿಸಾಕ್ತು.

ಆಮೇಲೆ ಆಕರಗಳಿಗೂ ಬೇಲಿ. ಇದನ್ನ ಯಾರೂ ಹೇಳಲ್ಲ, ಎಲ್ಲರೂ ಬೀಳೋ ಹಳ್ಳ ಇದೇ. ಆಸ್ಥಾನದ ವರ್ಣನೆ ಬೇಕು ಅಂತ ಹುಡುಕಿದ್ರೆ ಮಾನಸೋಲ್ಲಾಸ ಸಿಗತ್ತೆ, ರಾಜ ಎಲ್ಲಿ ಕೂರ್ತಾನೆ, ಏನು ತಿಂತಾನೆ, ಹೇಗೆ ಆಟ ಆಡ್ತಾನೆ ಎಲ್ಲಾ ಇದೆ, ಚಾಲುಕ್ಯ ರಾಜನೇ ಬರೆಸಿದ್ದು. ಸರಿ, ಆದ್ರೆ ಅದು ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನದ್ದು, ಕಾಲ 1129. ನನ್ನ ಕತೆಗಿಂತ ನಾನೂರು ವರ್ಷದ ಮೇಲೆ. ಹೆಸರು ಒಂದೇ ಅಂತ ಎತ್ತಿ ಹಾಕಿದ್ರೆ, ಇವತ್ತಿನ ಮದುವೆ ಮನೆಯ ವಿವರ ತಗೊಂಡು ವಿಜಯನಗರದ ಮದುವೆ ಬರೆದ ಹಾಗೆ. ನಾನು ಮಾಡಿದ ನಿಯಮ: ಕತೆಯ ವರ್ಷಕ್ಕಿಂತ ಐವತ್ತು ವರ್ಷ ಆಚೆ ಈಚೆ ಇರೋ ಶಾಸನ, ಶಿಲ್ಪ ಇದ್ರೆ ಧೈರ್ಯವಾಗಿ ತಗೋಬೇಕು, ಅದಕ್ಕೂ ದೂರದ್ದಾದ್ರೆ ಕಥೆಯ ತಿರುವು ಅದರ ಮೇಲೆ ನಿಲ್ಲಬಾರದು, ಬೇಕಾದ್ರೆ ಹಿನ್ನೆಲೆಯಲ್ಲಿ ಒಂದು ಬಣ್ಣದ ಹಾಗೆ ಇರ್ಲಿ. ಬಟ್ಟೆ, ಒಡವೆ, ಕೂದಲು, ಕೂರೋ ಪೀಠ ಇವಕ್ಕೆ ಬಾದಾಮಿ ಗುಹೆಗಳ ಶಿಲ್ಪಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಮೂರನೇ ಗುಹೆಗೆ ಶಕ 500, ಅಂದ್ರೆ 578 ಅಂತ ತಾರೀಖೇ ಇದೆ, ನನ್ನ ಐವತ್ತು ವರ್ಷದ ಬೇಲಿ ಅದು ದಾಟತ್ತೆ, ಆದ್ರೂ ಅದೇ ಊರು, ಅದೇ ಮನೆತನ ಅಂತ ಒಪ್ಕೊಂಡೆ. ನಿಯಮ ಮಾಡಿದವನೇ ಮುರೀತೀನಿ, ಆದ್ರೆ ಮುರಿದಾಗ ಗೊತ್ತಿದ್ದು ಮುರೀಬೇಕು.

ಮೂರನೇ ಹೆಜ್ಜೆ: ಮಾಹಿತಿಯನ್ನ ಯಾರದ್ದಾದ್ರೂ ಭಯ ಮಾಡಿ

ಇದೇ ಮುಖ್ಯ, ಬೇರೆ ಎಲ್ಲಾ ಮರೆತ್ರೂ ಇದೊಂದು ಇಟ್ಕೊಳ್ಳಿ. ಓದುಗನಿಗೆ ಒಂದು ಸಂಗತಿ ತಿಳಿಸಬೇಕು ಅಂದ್ರೆ, ಆ ಸಂಗತಿಯಿಂದ ಈ ಕ್ಷಣ ಯಾರಿಗೆ ತೊಂದರೆ ಆಗಬಹುದು ಅಂತ ಕೇಳಿ. ಯಾರಿಗೂ ಇಲ್ಲ ಅಂದ್ರೆ ಆ ಸಂಗತಿಗೆ ಈ ದೃಶ್ಯದಲ್ಲಿ ಜಾಗ ಇಲ್ಲ.

ನನಗೆ ವಂಶಾವಳಿ ಬೇಕಿತ್ತು. ವಂಶಾವಳಿ ಅಂದ್ರೆ ಜಗತ್ತಿನ ಅತ್ಯಂತ ಬೋರಿಂಗ್ ಮಾಹಿತಿ. ಆದ್ರೆ ಪಟಗಳ ಪಠ್ಯ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವು ಹೇಳೋ ಸಾಲು ಹೀಗೆ: ಮೊದಲ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಅವನ ಮಗ ಎರಡನೇ ಪುಲಕೇಶಿ, ಅವನ ಮಗ ವಿಕ್ರಮಾದಿತ್ಯ, ಅವನ ಮಗ ವಿನಯಾದಿತ್ಯ. ನೇರ ಗೆರೆ. ಆದ್ರೆ ಕೀರ್ತಿವರ್ಮ ಆದ್ಮೇಲೆ ಅವನ ತಮ್ಮ ಮಂಗಲೇಶ ಆಳಿದ್ದ, ಸುಮ್ನೆ ಅಲ್ಲ, ಹತ್ತಿಪ್ಪತ್ತು ವರ್ಷ ಆಳಿದ್ದ, ಮೂರನೇ ಗುಹೆ ಮಾಡಿಸಿದವನೇ ಅವನು. ಅವನು ರಾಜ್ಯವನ್ನ ತನ್ನ ಮಗನಿಗೆ ಉಳಿಸೋಕೆ ಹೋಗಿ, ಅಣ್ಣನ ಮಗ ಪುಲಕೇಶಿ ಕೈಯಲ್ಲಿ ರಾಜ್ಯದ ಜೊತೆ ಪ್ರಾಣನೂ ಕಳ್ಕೊಂಡ, ಇದು ಐಹೊಳೆ ಶಾಸನದಲ್ಲೇ ಇದೆ. ಆಮೇಲಿನ ತಾಮ್ರಪಟಗಳ ವಂಶಾವಳಿಯಲ್ಲಿ ಅವನ ಹೆಸರಿಲ್ಲ. ಕಲ್ಲಲ್ಲಿ ಇದೆ, ತಾಮ್ರದಲ್ಲಿ ಇಲ್ಲ.

ಇಷ್ಟು ಸಿಕ್ಕಿದ್ಮೇಲೆ ದೃಶ್ಯ ತಾನಾಗೇ ಬಂತು.

"ಅಜ್ಜ ಎರಡನೆಯ ಪಟದ ಮೇಲೆ ಬಗ್ಗಿದ್ದ. ಹುಡುಗ ಮೊದಲನೆಯದನ್ನು ತೊಡೆಯ ಮೇಲಿಟ್ಟುಕೊಂಡು, ಕೊರೆದ ಅಕ್ಷರಗಳಲ್ಲಿ ಸಿಕ್ಕಿದ ತಾಮ್ರದ ಪುಡಿಯನ್ನು ಕಡ್ಡಿಯಿಂದ ತೆಗೆಯುತ್ತಾ ಒಂದೊಂದೇ ಹೆಸರು ಓದುತ್ತಿದ್ದ. ಕೆಳಗೆ ಹೊಳೆಯಲ್ಲಿ ಆನೆಗಳನ್ನು ತೊಳೆಯುತ್ತಿದ್ದರು. ನಾಳೆ ಕೋಳಿ ಕೂಗುವ ಮೊದಲು ಬೀಡು ಏಳುತ್ತದೆ. ಅಷ್ಟರೊಳಗೆ ಬಳೆಗೆ ಮುದ್ರೆ ಬೀಳಬೇಕು.

'ಅಜ್ಜಾ, ಇಲ್ಲೊಂದು ಹೆಸರು ಬಿಟ್ಟುಹೋಗಿದೆ.'

'ಯಾವುದೂ ಬಿಟ್ಟಿಲ್ಲ.'

'ಬಿಟ್ಟಿದೆ. ಕೀರ್ತಿವರ್ಮದೇವರು ಆದಮೇಲೆ ಅವರ ತಮ್ಮ. ಬೆಟ್ಟದ ಗುಹೆಯಲ್ಲಿ ಕೊರೆದಿದ್ದಾರಲ್ಲ, ನೀನೇ ಬೆರಳಿಟ್ಟು ಓದಿಸಿದ್ದೆ. ಮಂಗ—'

ಅಜ್ಜನ ಅಂಗೈ ಅವನ ಬಾಯಿಯ ಮೇಲಿತ್ತು. ತಾಮ್ರದ ಹುಳಿ ವಾಸನೆ.

'ಮಸಿಯಲ್ಲಿ ಏನು ಬರೆದು ಕೊಟ್ಟಿದ್ದಾರೋ ಅದನ್ನು ಕೊರೆ. ಅಣ್ಣನ ಮಗನ ಪಟ್ಟವನ್ನು ತನ್ನ ಮಗನಿಗೆ ಕಟ್ಟಲು ಹೋದವನು ಅವನು. ಆ ಅಣ್ಣನ ಮಗನ ಮೊಮ್ಮಗ ಅಲ್ಲಿ ಗುಡಾರದಲ್ಲಿ ಕೂತಿದ್ದಾನೆ.'

ಹಿಂದೆ ಯಾರೋ ಕೆಮ್ಮಿದರು. ಸಂಧಿವಿಗ್ರಹಿಯ ಆಳು, ಮೂರನೆಯ ಸಲ ಬಂದಿದ್ದ.

'ಯಾವ ಹೆಸರು ಬಿಟ್ಟುಹೋಗಿದೆಯಂತೆ?' ಎಂದ."

ನೋಡಿ, ವಂಶಾವಳಿ ಬಂತು, ಸಿಂಹಾಸನದ ಜಗಳ ಬಂತು, ಪಟಕ್ಕೆ ಮುದ್ರೆ ಹಾಕೋದು ಬಂತು, ಆಸ್ಥಾನ ದಂಡಿನ ಜೊತೆ ತಿರುಗ್ತಿತ್ತು ಅನ್ನೋದು ಬಂತು. ಇಸವಿ ಒಂದೂ ಇಲ್ಲ. ಅಜ್ಜ ಒಂದು ವಿವರಣೆ ಕೊಡ್ತಾನೆ ಹೌದು, ಆದ್ರೆ ಹುಡುಗನಿಗೆ ಅದು ಗೊತ್ತಿಲ್ಲ, ಅದು ಗೊತ್ತಾಗದೆ ಇದ್ರೆ ತಲೆ ಹೋಗತ್ತೆ, ಅದಕ್ಕೇ ಎರಡೇ ವಾಕ್ಯದಲ್ಲಿ, ಪಿಸುಗುಟ್ಟಿ, ಹೆಸರನ್ನೂ ಎತ್ತದೆ ಹೇಳ್ತಾನೆ. ಸಂಧಿವಿಗ್ರಹಿ ಅಂದ್ರೆ ಯಾರು ಅಂತ ನಾನು ಎಲ್ಲೂ ಬಿಡಿಸಿಲ್ಲ. ಯುದ್ಧ, ಸಂಧಿಯ ವ್ಯವಹಾರ ನೋಡೋ ಅಧಿಕಾರಿ, ದಾನಪತ್ರ ಬರೆಯಿಸೋದೂ ಅವನದೇ ಹೊಣೆ, ವಿನಯಾದಿತ್ಯನ ಪಟಗಳಲ್ಲಿ ಮಹಾಸಂಧಿವಿಗ್ರಹಿಕ ಶ್ರೀ ರಾಮಪುಣ್ಯವಲ್ಲಭ ಅಂತ ಹೆಸರು ಕೂಡ ಇದೆ. ಓದುಗನಿಗೆ ಇಷ್ಟೆಲ್ಲ ಬೇಡ. ಅವನ ಆಳು ಬಂದ್ರೇನೇ ಅಜ್ಜ ಬೆವರ್ತಾನೆ ಅಂತ ಕಂಡ್ರೆ ಸಾಕು.

ಬಿಟ್ಟಿದ್ದನ್ನೂ ಹೇಳಬೇಕು, ಯಾಕಂದ್ರೆ ಅದೇ ಕಷ್ಟ. ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯದ ಬಗ್ಗೆ ಬರೀತಾ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸ್ತಿದ್ರು ಅಂತಾನೆ. ಎಂಥ ರಸವತ್ತಾದ ವಿವರ! ನಾನು ಮೂರು ಡ್ರಾಫ್ಟ್‌ನಲ್ಲಿ ಅದನ್ನ ತುರುಕಿದೆ. ಹೊಳೆಯಲ್ಲಿ ಆನೆ ಇದ್ಯಲ್ಲ, ಅಲ್ಲೇ ಒಬ್ಬ ಮಾವುತ ಹೆಂಡದ ಗಡಿಗೆ ಹಿಡ್ಕೊಂಡು ಬರ್ಲಿ ಅಂತ. ಪ್ರತಿ ಸಲ ದೃಶ್ಯ ಅಲ್ಲೇ ನಿಂತುಬಿಡ್ತಿತ್ತು, ಓದಿದ ಗೆಳೆಯ "ಇದು ಕತೆನಾ, ಕ್ವಿಜ್ಜಾ" ಅಂದ. ಈಗ ಆ ಆನೆ ಬೇರೆ ಅಧ್ಯಾಯದಲ್ಲಿದೆ, ಅಲ್ಲಿ ಅದು ಮದವೇರಿ ತನ್ನ ಕಡೆಯವರನ್ನೇ ತುಳಿಯತ್ತೆ, ಹಾಗಾಗಿ ಹೆಂಡಕ್ಕೆ ಅಲ್ಲಿ ಕೆಲಸ ಇದೆ.

ಪರೀಕ್ಷೆ ಸುಲಭ. ಅನುಮಾನ ಇರೋ ವಾಕ್ಯವನ್ನ ಅಳಿಸಿ ಮುಂದಿನ ಪುಟ ಓದಿ. ಏನೂ ಕುಸಿಯದೇ ಹೋದ್ರೆ ಅದು ಕತೆಯದ್ದಲ್ಲ, ನಿಮ್ಮ ನೋಟ್ಸ್‌ದು. "ನಿನಗೆ ಗೊತ್ತಿರುವ ಹಾಗೆ" ಅಂತ ಶುರುವಾಗೋ ಮಾತಂತೂ ಓದದೇ ಅಳಿಸಬಹುದು. ಏನೂ ಗೊತ್ತಿಲ್ಲದ ಹೊಸಬನನ್ನ ಆಸ್ಥಾನಕ್ಕೆ ಕರ್ಕೊಂಡು ಬಂದು ಎಲ್ಲಾ ಪ್ರಶ್ನೆ ಅವನ ಬಾಯಲ್ಲಿ ಹಾಕೋ ಉಪಾಯ ಇದೆಯಲ್ಲ, ಅದೂ ಸವೆದುಹೋಗಿದೆ. ನನ್ನ ಹುಡುಗ ಪ್ರಶ್ನೆ ಕೇಳಲ್ಲ ಅನ್ನೋದನ್ನ ಗಮನಿಸಿ, ಅವನು ತಪ್ಪು ತಿದ್ದೋಕೆ ಹೋಗ್ತಾನೆ. ತಿದ್ದೋಕೆ ಹೋದವನು ಅಪಾಯಕ್ಕೆ ಸಿಕ್ಕಿಕೊಳ್ತಾನೆ, ಬರೀ ಪ್ರಶ್ನೆ ಕೇಳೋನಿಗೆ ಉತ್ತರ ಸಿಗತ್ತೆ ಅಷ್ಟೇ.

ಆವರಣ ಹಾಕಿ ಅರ್ಥ ಕೊಡೋದು, ಅಡಿಟಿಪ್ಪಣಿ ಹಾಕೋದು ಬೇಡ.

ನಾಲ್ಕನೇ ಹೆಜ್ಜೆ: ಕನ್ನಡವನ್ನೇ ಜರಡಿ ಹಿಡೀರಿ

ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಗೋಡಂಬಿ, ಹೊಗೆಸೊಪ್ಪು ಇವೆಲ್ಲ ಪೋರ್ಚುಗೀಸರು ಬಂದ್ಮೇಲೆ ಅಮೆರಿಕ ಖಂಡದಿಂದ ಬಂದಿದ್ದು ಅಂತ ಈಗ ಎಲ್ಲರಿಗೂ ಗೊತ್ತು, ಅದರಲ್ಲಿ ಯಾರೂ ಎಡವಲ್ಲ. ಎಡವೋದು ಭಾಷೆಯಲ್ಲಿ. ದರ್ಬಾರು, ಫರ್ಮಾನು, ಖಜಾನೆ, ಹುಕುಂ ಇವು ಪಾರಸಿ ಅರಬ್ಬಿ ಮೂಲದ್ದು ಅಂತ ಕಿವಿಗೇ ಗೊತ್ತಾಗತ್ತೆ. ಆದ್ರೆ ರೈತ? ಅದೂ ಅರಬ್ಬಿ ಮೂಲದ್ದೇ. ಸಹಿ, ಕಾಗದ, ಶಾಯಿ, ರಸ್ತೆ, ಕುರ್ಚಿ, ತಯಾರಿ, ಹುಷಾರು, ಜವಾಬ್ದಾರಿ, ಖುಷಿ, ಬದಲು, ಎಲ್ಲಾ ಹಾಗೇ ಬಂದವು. ಎಷ್ಟು ನಮ್ಮವಾಗಿವೆ ಅಂದ್ರೆ ನಾನೇ ಈ ಬರಹದಲ್ಲಿ ಎಷ್ಟು ಸಲ ಬಳಸಿದೀನೋ ಲೆಕ್ಕ ಇಲ್ಲ, ತಾರೀಖು ಅಂತ ಮೇಲೆ ಬರೆದಿದೀನಿ ನೋಡಿ. ಬಳಸಬಾರದು ಅಂತಲ್ಲ, ಏಳನೇ ಶತಮಾನದ ಬಾಯಲ್ಲಿ ಹಾಕಬಾರದು ಅಷ್ಟೇ.

ಮಜಾ ಏನಂದ್ರೆ ಎಲ್ಲದಕ್ಕೂ ಹಳೇ ಮಾತು ಇದೆ, ಇವತ್ತಿನ ಓದುಗನಿಗೂ ಅರ್ಥ ಆಗೋವಂಥದ್ದೇ. ದರ್ಬಾರಿಗೆ ಓಲಗ. ಅರ್ಜಿಗೆ ಬಿನ್ನಪ. ಹುಕುಂಗೆ ಅಪ್ಪಣೆ, ಆಣತಿ. ಖಜಾನೆಗೆ ಭಂಡಾರ. ರೈತನಿಗೆ ಒಕ್ಕಲು. ಶಾಯಿಗೆ ಮಸಿ, ಕಾಗದಕ್ಕೆ ಓಲೆ, ರಸ್ತೆಗೆ ಬೀದಿ, ಹುಷಾರಿಗೆ ಎಚ್ಚರ, ಜವಾಬ್ದಾರಿಗೆ ಹೊಣೆ. ಕುರ್ಚಿಯ ಜಾಗದಲ್ಲಿ ಪೀಠ ಅಥವಾ ಮಣೆ. ನಾನು ಮಾಡೋದು ಹೀಗೆ: ಡ್ರಾಫ್ಟ್ ಮುಗಿದ ಮೇಲೆ ಕತೆ ನೋಡದೆ ಬರೀ ಪದ ನೋಡ್ತಾ ಒಂದು ಸಲ ಓದ್ತೀನಿ, ಅನುಮಾನ ಬಂದ ಪದನೆಲ್ಲ ಒಂದು ಪಟ್ಟಿ ಮಾಡಿ ನಿಘಂಟಲ್ಲಿ ಮೂಲ ನೋಡ್ತೀನಿ. ಆ ಪಟ್ಟಿ ಇಟ್ಕೊಂಡ್ರೆ ಮುಂದಿನ ಕತೆಗೂ ಆಗತ್ತೆ. ಸಂಭಾಷಣೆಯಲ್ಲಿ ಕಟ್ಟುನಿಟ್ಟು. ನಿರೂಪಣೆಯಲ್ಲಿ ಸ್ವಲ್ಪ ಸಡಿಲ ಬಿಡ್ತೀನಿ, ಯಾಕಂದ್ರೆ ನಿರೂಪಕ ಇವತ್ತಿನವನು, "ಬದಲು" ಅನ್ನೋ ಪದ ಇಲ್ಲದೆ ಮೂರು ನೂರು ಪುಟ ಬರೆಯೋಕೆ ಹೋದ್ರೆ ಗದ್ಯ ಕುಂಟತ್ತೆ.

ಆದ್ರೆ ಈ ಉತ್ಸಾಹದಲ್ಲಿ ಇನ್ನೊಂದು ತುದಿಗೆ ಹೋಗಿ "ಬಂದಪೆಂ, ಪೋದಪೆಂ" ಅಂತ ಹಳಗನ್ನಡ ಮಾತಾಡಿಸಬೇಡಿ. ಅವರ ಕಿವಿಗೆ ಅವರ ಮಾತು ಹಳೇದಾಗಿರ್ಲಿಲ್ಲ, ಬರೀ ಮಾತಾಗಿತ್ತು. ಅಜ್ಜ ಮೊಮ್ಮಗ ಕೂತು ಕೆಲಸ ಮಾಡ್ತಾ ಮಾತಾಡಿದ್ದು ನಮಗೂ ಹಾಗೇ ಕೇಳಿಸಬೇಕು. ಪದ ಶುದ್ಧ ಇರ್ಲಿ, ವ್ಯಾಕರಣ ನಮ್ಮದೇ ಇರ್ಲಿ.

ಹೋಲಿಕೆಗಳ ಮೇಲೂ ಕಣ್ಣಿಡಿ, ಅವು ಕಳ್ಳರ ಹಾಗೆ ಒಳಗೆ ನುಗ್ತವೆ. "ಗುಂಡಿನ ಹಾಗೆ ಓಡಿದ", "ಮಾತು ಹಳಿ ತಪ್ಪಿತು", "ಎದೆ ಗಡಿಯಾರದ ಹಾಗೆ ಬಡಿಯಿತು". ಬಂದೂಕಿಲ್ಲ, ರೈಲಿಲ್ಲ, ಟಿಕ್ ಟಿಕ್ ಅನ್ನೋ ಗಡಿಯಾರ ಇಲ್ಲ. ಹೊತ್ತನ್ನ ನೀರಿನ ಬಟ್ಟಲಿನಿಂದ ಅಳೀತಿದ್ರು, ಒಂದು ಘಳಿಗೆ ಅಂದ್ರೆ ನಮ್ಮ 24 ನಿಮಿಷ, ದಿನಕ್ಕೆ 60 ಘಳಿಗೆ. "ನಿಮಿಷ" ಅನ್ನೋ ಪದ ಹಳೇದೇ, ಆದ್ರೆ ಆಗ ಅದರ ಅರ್ಥ ಕಣ್ಣು ಮಿಟುಕಿಸೋವಷ್ಟು ಹೊತ್ತು. "ಐದು ನಿಮಿಷ ಕಾಯಿ" ಅಂತ ಕಾವಲಿನವನು ಹೇಳಿದ್ರೆ ಪದ ಸರಿ, ಅರ್ಥ ತಪ್ಪು. ಇಂಥ ತಪ್ಪು ನಿಘಂಟು ನೋಡಿದ್ರೂ ಸಿಗಲ್ಲ, ಅದಕ್ಕೇ ಹೇಳ್ದೆ.

ಹೆಸರು, ನಂಬರು

"ಇಮ್ಮಡಿ", "ಒಂದನೇ", "ಎರಡನೇ" ಇವೆಲ್ಲ ನಾವು ಗುರುತಿಗೆ ಹಾಕ್ಕೊಂಡಿರೋದು. ಯಾವ ರಾಜನೂ ತನ್ನನ್ನ ಒಂದನೇ ವಿಕ್ರಮಾದಿತ್ಯ ಅಂತ ಕರ್ಕೊಳ್ಳಲ್ಲ, ಎರಡನೆಯವನು ಮುಂದೆ ಹುಟ್ತಾನೆ ಅಂತ ಅವನಿಗೆ ಹೇಗೆ ಗೊತ್ತು. ಪಟಗಳಲ್ಲಿ ಪುಲಕೇಶಿ ಬರೋದು ಸತ್ಯಾಶ್ರಯ, ಪೃಥಿವೀವಲ್ಲಭ ಅನ್ನೋ ಬಿರುದುಗಳ ಜೊತೆ. ಹಾಗಾಗಿ ಅವನ ಮೊಮ್ಮಗ ವಿನಯಾದಿತ್ಯ ಹೇಳಬಹುದಾದ್ದು "ಸತ್ಯಾಶ್ರಯದೇವರು" ಅಂತ, ಇಲ್ಲಾಂದ್ರೆ ಬರೀ "ಅಜ್ಜ". ವರ್ಷ ಹೇಳಬೇಕಾಗಿ ಬಂದ್ರೆ ರಾಜನ ಆಳ್ವಿಕೆಯ ಇಷ್ಟನೇ ವರ್ಷ ಅನ್ನಿ, ಅಥವಾ ಶಕ ವರ್ಷ ಅನ್ನಿ, ಅದಕ್ಕೆ 78 ಕೂಡಿಸಿದ್ರೆ ನಮ್ಮ ಇಸವಿ ಹತ್ತತ್ರ ಬರತ್ತೆ. ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಶಕ 556 ಅಂತ ಕೊಡ್ತಾನೆ, ಜೊತೆಗೆ ಭಾರತ ಯುದ್ಧ ಆಗಿ 3735 ವರ್ಷ ಅಂತನೂ ಕೊಡ್ತಾನೆ. ಅವರಿಗೆ ಕಾಲ ಅಂದ್ರೆ ಆ ಅಳತೆ. ಬೇಕಾದ್ರೆ ಅಧ್ಯಾಯದ ತಲೆಯಲ್ಲಿ ಇಸವಿ ಹಾಕಿ, ಪಾತ್ರಗಳ ತಲೆಯಲ್ಲಿ ಬೇಡ.

ಉಲ್ಟಾ ತೊಂದರೆ ಕೂಡ ಇದೆ, ನಿಜವಾಗಿ ಆ ಕಾಲದ್ದೇ ಆದ್ರೂ ಸುಳ್ಳು ಅನ್ಸೋದು. ದಖ್ಖನಿನ ಹಳೇ ತಾಮ್ರಪಟಗಳಲ್ಲಿ ರಾಜ ಅಪ್ಪಣೆ ಕೊಡೋದು ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟರಿಗೆ. ರಾಷ್ಟ್ರ ಅಂದ್ರೆ ಆಗ ರಾಜ್ಯದೊಳಗಿನ ಒಂದು ಭಾಗ. ಆದ್ರೆ ಕತೆಯಲ್ಲಿ "ರಾಷ್ಟ್ರಪತಿ ಓಡಿಬಂದು ರಾಜನ ಕಾಲಿಗೆ ಬಿದ್ದ" ಅಂತ ಬರೆದ್ರೆ ಓದುಗ ನಕ್ಕುಬಿಡ್ತಾನೆ. ಇಂಥ ಕಡೆ ಸತ್ಯಕ್ಕೆ ಅಂಟ್ಕೊಂಡು ಕೂರಬೇಡಿ. ನಾನು "ನಾಡನ್ನು ನೋಡಿಕೊಳ್ಳುವವನು" ಅಂತ ಬರೆದು ದಾಟಿದೆ.

ಐದನೇ ಹೆಜ್ಜೆ: ತಲೆಯೊಳಗಿನ ಕಾಲ

ವಸ್ತು, ಪದ ಎಲ್ಲಾ ಸರಿಮಾಡಿ ಆದ್ಮೇಲೂ ಪಾತ್ರ ಇವತ್ತಿನವನೇ ಆಗಿರಬಹುದು. ರಾಣಿಯೊಬ್ಬಳು "ನಾನು ನಾನಾಗಿ ಬದುಕಬೇಕು" ಅಂತ ಕಿಟಕಿ ಹತ್ರ ನಿಂತು ಯೋಚಿಸ್ತಾಳೆ, ಮಂತ್ರಿ ದೇಶದ ಒಗ್ಗಟ್ಟಿನ ಬಗ್ಗೆ ಮಾತಾಡ್ತಾನೆ. ಅವರಿಗೆ ಆಸೆ ಇರ್ಲಿಲ್ಲ, ಸಿಟ್ಟು ಇರ್ಲಿಲ್ಲ ಅಂತಲ್ಲ. ಆ ಆಸೆ ಹರಿಯೋಕೆ ಬೇರೆ ಕಾಲುವೆ ಇತ್ತು.

ಮಹಾಕೂಟದಲ್ಲಿ ಒಂದು ಕನ್ನಡ ಶಾಸನ ಇದೆ, ವಿನಯಾದಿತ್ಯನ ಮಗ ವಿಜಯಾದಿತ್ಯನ ಕಾಲದ್ದು. ರಾಜನ ಪ್ರಾಣವಲ್ಲಭೆ ವಿನಾಪೋಟಿ ಅನ್ನೋಳು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮಾಡಿಸಿಕೊಟ್ಟಿದ್ದು, ಹೊಲ ಕೊಟ್ಟಿದ್ದು ಅದರಲ್ಲಿದೆ. ಅವಳು ರಾಣಿ ಅಲ್ಲ, ರಾಜನಿಗೆ ಬೇಕಾದವಳು. ಆ ಶಾಸನ ಅವಳನ್ನ ಪರಿಚಯ ಮಾಡೋದು ಹೇಗೆ ಅಂದ್ರೆ ಅಪ್ಪನ ಹೆಸರಿನಿಂದ ಅಲ್ಲ, ಅಮ್ಮನ ಹೆಸರು, ಅಜ್ಜಿಯ ಹೆಸರಿನಿಂದ. ರಾಜರ ಪಟದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ, ಇವಳ ಕಲ್ಲಲ್ಲಿ ಅಮ್ಮ, ಅಜ್ಜಿ. ಈ ಹೆಂಗಸಿಗೆ ಸ್ವಾತಂತ್ರ್ಯದ ಭಾಷಣ ಬರೆದುಕೊಟ್ರೆ ಅವಳು ಸಣ್ಣವಳಾಗ್ತಾಳೆ. ಅವಳು ಬಯಸಿದ್ದು ಕಲ್ಲಲ್ಲಿ ಮೂರು ಹೆಂಗಸರ ಹೆಸರು ಅಂತ ಹಿಡಿದು ಬರೆದ್ರೆ, ಕೊರೆಯೋನ ಎದುರು ನಿಂತು "ಅಜ್ಜಿಯ ಹೆಸರು ಮೊದಲು" ಅಂದ್ಳು ಅಂತ ಬರೆದ್ರೆ, ಅಷ್ಟೇ ಸಾಕು. ಯಾವ ಶಾಸನವೂ ಅವಳು ಹಾಗಂದ್ಳು ಅಂತ ಹೇಳಲ್ಲ, ಅದು ನನ್ನ ಕಲ್ಪನೆ, ಆದ್ರೆ ಆ ಕಲ್ಪನೆ ನಿಂತಿರೋದು ಅವಳ ಕಾಲದ ಕಲ್ಲಿನ ಮೇಲೆ.

ಪ್ರತಿ ಪಾತ್ರಕ್ಕೂ ಒಂದೊಂದು ಸಾಲು ಬರೆದಿಟ್ಕೊಳ್ಳಿ: ಇವನಿಗೆ ಏನು ಬೇಕು, ಅದನ್ನ ಆ ಕಾಲದಲ್ಲಿ ಯಾವ ರೂಪದಲ್ಲಿ ಪಡೀಬಹುದಿತ್ತು. ಎರಡನೇ ಅರ್ಧಕ್ಕೆ ಉತ್ತರ ಇಲ್ಲ ಅಂದ್ರೆ ಆ ಪಾತ್ರದ ಬಗ್ಗೆ ಇನ್ನೂ ಓದೋದಿದೆ ಅಂತ.

ಕೊನೇ ಓದು

ನಾನು ಮೂರು ಸಲ ಓದ್ತೀನಿ, ಒಂದೊಂದು ಸಲ ಒಂದೊಂದೇ ಕಣ್ಣಲ್ಲಿ. ಮೊದಲನೇ ಸಲ ಬರೀ ವಸ್ತು: ಕೈಯಲ್ಲಿ ಏನಿದೆ, ಮೈಮೇಲೆ ಏನಿದೆ, ಯಾವುದರ ಮೇಲೆ ಕೂತಿದಾರೆ. ಎರಡನೇ ಸಲ ಪದ, ಹೋಲಿಕೆ. ಮೂರನೇ ಸಲ ಜೋರಾಗಿ ಓದ್ತೀನಿ, ಎಲ್ಲಿ ನನ್ನ ದನಿ ಮೇಷ್ಟ್ರ ದನಿ ಆಗತ್ತೋ ಅಲ್ಲಿ ಗೆರೆ ಎಳೀತೀನಿ. ಕಣ್ಣಿಗೆ ಸಿಗದ ಪಾಠ ಬಾಯಿಗೆ ಸಿಗತ್ತೆ, ಯಾಕಂದ್ರೆ ಪಾಠ ಹೇಳುವಾಗ ಉಸಿರು ಬೇರೆ ಥರ ಆಗತ್ತೆ, ವಾಕ್ಯ ಉದ್ದ ಆಗ್ತಾ "ಆದ", "ಎಂಬ", "ಅವರ ಮಗನಾದ" ಅಂತ ಬಾಲ ಬೆಳೀತಾ ಹೋಗತ್ತೆ.

ಮೇಲಿನ ದೃಶ್ಯದ ಹಿಂದಿನ ಡ್ರಾಫ್ಟ್‌ನಲ್ಲಿ "ಮಸಿಯಲ್ಲಿ ಏನು ಬರೆದು ಕೊಟ್ಟಿದ್ದಾರೋ" ಅನ್ನೋ ಕಡೆ "ಶಾಯಿಯಲ್ಲಿ" ಅಂತಿತ್ತು, ಎರಡನೇ ಓದಲ್ಲಿ ಸಿಕ್ತು. "ನಾಳೆ ಕೋಳಿ ಕೂಗುವ ಮೊದಲು" ಅನ್ನೋ ಕಡೆ "ನಾಳೆ ಬೆಳಗ್ಗೆ ನಾಲ್ಕಕ್ಕೆ" ಅಂತ ಇತ್ತು ಅಂದ್ರೆ ನಗಬೇಡಿ, ರಾತ್ರಿ ಹನ್ನೆರಡಕ್ಕೆ ಬರೆದಿದ್ದು. ಇನ್ನೊಂದು ನನಗೆ ಈಗ್ಲೂ ಕಾಡ್ತಿದೆ. ತಪ್ಪಾದ ಅಕ್ಷರವನ್ನ ಬಡಿದು ಚಪ್ಪಟೆ ಮಾಡಿ ಅದರ ಮೇಲೇ ಮತ್ತೆ ಕೊರೆದ ಗುರುತು ತಾಮ್ರಪಟಗಳಲ್ಲಿ ಕಾಣಿಸತ್ತೆ. ಹುಡುಗ ಬಾಯಿ ಬಿಡೋ ಬದಲು ಸುಮ್ನೆ ಒಂದು "ಮ" ಕೊರೆದುಬಿಟ್ಟಿದ್ದಿದ್ರೆ, ಅಜ್ಜ ಅದನ್ನ ರಾತ್ರೋರಾತ್ರಿ ಬಡಿದು ಅಳಿಸಬೇಕಾಗಿ ಬಂದಿದ್ರೆ, ಆ ಸುತ್ತಿಗೆ ಸದ್ದು ಬೀಡಿಗೆಲ್ಲ ಕೇಳಿಸ್ತಿತ್ತು. ಮುಂದಿನ ಡ್ರಾಫ್ಟ್ ಹಾಗೇ ಬರೀತಿದೀನಿ.